ಟಕ್ ಅಂತದೆ, ಕರೆಂಟ್ ಬರಲ್ಲ: ಸ್ಟೆಬಿಲೈಸರ್ ಬಿಸಾಕೋಕೆ ಮುಂಚೆ

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಎಲೆಕ್ಟ್ರಿಷಿಯನ್ ಅಲ್ಲ. ಆದರೆ ಈ ವಿಷಯ ನಮ್ಮ ಮನೆಯಲ್ಲೇ ತಲೆ ತಿಂದದ್ದರಿಂದ, ಗೊತ್ತಿರೋರ ಪಕ್ಕ ಕೂತು ಸರಿಯಾಗಿ ಕಲಿತುಕೊಂಡೆ.

ನಮ್ಮ ಚಿಕ್ಕಮ್ಮನ ಮನೆ ಇರೋದು ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವಾಗ, ಊರಿನಿಂದ ಸ್ವಲ್ಪ ದೂರ, ತೋಟದಲ್ಲಿ. ಒಂದು ಸಂಜೆ ಫೋನ್ ಮಾಡಿದ್ರು. "ಫ್ರಿಡ್ಜಿನ ಸ್ಟೆಬಿಲೈಸರ್ ಟಕ್ ಅಂತದೆ ಕಣಪ್ಪ, ಕರೆಂಟ್ ಮಾತ್ರ ಬರಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಅಂತದೆ. ಕೆಟ್ಟೋಗದೆ ಅನ್ಸುತ್ತೆ, ನಾಳೆ ಹೊಸದು ತಂದ್ಬಿಡ್ಲಾ?"

ನಾನು ಹೇಳಿದ್ದು ಇಷ್ಟೇ. "ತಡೀರಿ ಚಿಕ್ಕಮ್ಮ, ಅದರ ಮೇಲೆ ಕಾಣೋ ನಂಬರ್ ಓದಿ ಹೇಳಿ."

ಆ ಟಕ್ ಶಬ್ದ ಏನು ಅಂತ ಮೊದಲು ನೋಡೋಣ. ಡಬ್ಬಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತೆ, ಜೊತೆಗೆ ನಾಲ್ಕೈದು ರಿಲೇ. ರಿಲೇ ಅಂದ್ರೆ ಕೈ ಬದಲು ಕರೆಂಟೇ ಒತ್ತೋ ಸ್ವಿಚ್. ಒಳಗೆ ಬರೋ ವೋಲ್ಟೇಜ್ ಏರಿಳಿದಾಗ ಒಂದು ರಿಲೇ ಬಿಟ್ಟು ಇನ್ನೊಂದು ಹಿಡಿಯುತ್ತೆ, ಅದು ಒಂದು ಟಕ್. ಫ್ರಿಡ್ಜಿಗೆ ಕರೆಂಟ್ ಬಿಡೋದಕ್ಕೂ ನಿಲ್ಲಿಸೋದಕ್ಕೂ ಇರೋ ರಿಲೇ ಬೇರೆ, ಅದೂ ಟಕ್ ಅನ್ನುತ್ತೆ. ಹಾಗಾಗಿ ಶಬ್ದ ಬಂದ ಮಾತ್ರಕ್ಕೆ ಕೆಟ್ಟಿದೆ ಅಂತಲೂ ಅಲ್ಲ, ಸರಿಯಿದೆ ಅಂತಲೂ ಅಲ್ಲ.

ಎರಡನೆಯದು, ಡಿಲೇ. ಕರೆಂಟ್ ಹೋಗಿ ಬಂದ ತಕ್ಷಣ ಫ್ರಿಡ್ಜ್ ಸ್ಟೆಬಿಲೈಸರ್ ಔಟ್‌ಪುಟ್ ಕೊಡಲ್ಲ. ಸಾಮಾನ್ಯವಾಗಿ ಮೂರು ನಿಮಿಷ ಕಾಯುತ್ತೆ. ಕಂಪ್ರೆಸರ್ ನಿಂತಾಗ ಒಳಗಿನ ಗ್ಯಾಸಿನ ಒತ್ತಡ ಇಳಿಯೋಕೆ ಅಷ್ಟು ಸಮಯ ಬೇಕು. ಅದಕ್ಕೆ ಮುಂಚೆ ಕರೆಂಟ್ ಕೊಟ್ರೆ ಮೋಟಾರ್ ತಿರುಗದೆ ಒದ್ದಾಡಿ ಬಿಸಿಯಾಗುತ್ತೆ. ಕಾಯುತ್ತಿರುವಾಗ ಕರೆಂಟ್ ಇನ್ನೊಂದು ಸಲ ಮಿಣುಕಿದ್ರೆ ಎಣಿಕೆ ಮತ್ತೆ ಮೊದಲಿಂದ ಶುರು. ನಾವು ತಾಳ್ಮೆ ಕೆಟ್ಟು ಸ್ವಿಚ್ ಆಫ್-ಆನ್ ಮಾಡಿದ್ರೂ ಅಷ್ಟೇ, ಆ ಮೂರು ನಿಮಿಷ ಮುಗಿಯೋದೇ ಇಲ್ಲ.

ಈಗ ಚಿಕ್ಕಮ್ಮ ಓದಿ ಹೇಳಿದ ನಂಬರಿಗೆ ಬರೋಣ. ಇನ್‌ಪುಟ್ 146. ಮೂರು ನಿಮಿಷಕ್ಕೆ ಟಕ್ ಅಂತು, ಫ್ರಿಡ್ಜ್ ಗುರ್ ಅಂತು, ನಂಬರ್ ಸರ್ರನೆ 134ಕ್ಕೆ ಇಳಿಯಿತು, ಮತ್ತೆ ಟಕ್, ಎಲ್ಲ ಬಂದ್. ಫ್ರಿಡ್ಜ್ ನಿಂತ ಕೂಡಲೇ ಮತ್ತೆ 146. ಮತ್ತೆ ಮೂರು ನಿಮಿಷ.

ಡಬ್ಬಿಯ ಹಿಂದಿನ ಚೀಟಿಯಲ್ಲಿ 140ರಿಂದ 280 ಅಂತ ಬರೆದಿತ್ತು. ಅಂದ್ರೆ ಇನ್‌ಪುಟ್ 140ಕ್ಕಿಂತ ಕೆಳಗೆ ಹೋದ್ರೆ ಲೋ ಕಟ್ ಆಫ್, 280 ದಾಟಿದ್ರೆ ಹೈ ಕಟ್ ಆಫ್. ಫ್ರಿಡ್ಜ್ ಹೊರಡೋ ಕ್ಷಣದಲ್ಲಿ ಎಳೆಯೋ ಕರೆಂಟ್ ಓಡುವಾಗ ಎಳೆಯೋದಕ್ಕಿಂತ ಹಲವು ಪಟ್ಟು ಹೆಚ್ಚು. ಆ ಎಳೆತಕ್ಕೆ ಲೈನ್ 140ರ ಕೆಳಗೆ ಕುಸಿಯುತ್ತಿತ್ತು. ಸ್ಟೆಬಿಲೈಸರ್ ತನ್ನ ಕೆಲಸವನ್ನೇ ಮಾಡುತ್ತಿತ್ತು.

ಹಾಗಾದ್ರೆ ಲೈನ್ ಯಾಕೆ ಅಷ್ಟು ಸೊರಗಿತ್ತು? ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ್ರು. ಆದರೆ ತೋಟದ ಮನೆಗೆ ಕರೆಂಟ್ ಬರೋದು ಎಷ್ಟೋ ಕಡೆ ಪಂಪ್‌ಸೆಟ್ ಲೈನಿಂದಲೇ. ನಾಗಮಂಗಲದ ಬೋರ್‌ವೆಲ್ ಆಗಲಿ, ಶ್ರೀರಂಗಪಟ್ಟಣದ ಕಬ್ಬಿನ ಗದ್ದೆ ಮೋಟಾರ್ ಆಗಲಿ, ಎಲ್ರೂ ಒಟ್ಟಿಗೆ ಆನ್ ಮಾಡಿದ್ರೆ ಟಿಸಿಯಿಂದ ದೂರ ಇರೋ ಕೊನೆಯ ಮನೆಗೆ ವೋಲ್ಟೇಜ್ ಉಳಿಯಲ್ಲ. ಪರೀಕ್ಷೆ ಸುಲಭ. ಪಂಪ್ ಓಡುವಾಗ ಒಂದು ಸಲ, ರಾತ್ರಿ ಪಂಪ್ ನಿಂತ ಮೇಲೆ ಒಂದು ಸಲ ಇನ್‌ಪುಟ್ ನಂಬರ್ ಬರೆದಿಡಿ. ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ 208 ಇತ್ತು, ಫ್ರಿಡ್ಜ್ ಆರಾಮಾಗಿ ಓಡ್ತು.

ಮಾರನೇ ದಿನ ರಿಪೇರಿ ಅಂಗಡಿಯ ಹುಡುಗ ಒಬ್ಬ, "ಅಣ್ಣ, ಒಳಗೆ ಒಂದು ಸ್ಕ್ರೂ ಇದೆ, ಕಟ್ ಆಫ್ ಕೆಳಗಿಳಿಸಿಬಿಡ್ತೀನಿ, 115ಕ್ಕೂ ಓಡುತ್ತೆ" ಅಂದ. ಕೆಲವು ಮಾಡೆಲ್‌ಗಳಲ್ಲಿ ಅದು ಆಗೋ ಕೆಲಸವೇ. ಆದರೆ ಲೆಕ್ಕ ನೋಡಿ. ಈ ಡಬ್ಬಿ ಬಂದ ವೋಲ್ಟೇಜನ್ನ ಹೆಚ್ಚಂದ್ರೆ ಸುಮಾರು 1.45 ಪಟ್ಟು ಏರಿಸುತ್ತೆ. 140 ಬಂದ್ರೆ 203 ಕೊಡುತ್ತೆ, ಫ್ರಿಡ್ಜಿಗೆ ಸಾಕು. 115 ಬಂದ್ರೆ ಕೊಡೋದು 167. ಸ್ಕ್ರೂ ತಿರುಗಿಸಿದ್ರೆ ಕಾವಲುಗಾರ ಮಲಗ್ತಾನೆ ಅಷ್ಟೇ, ಏರಿಸೋ ಶಕ್ತಿ ಬರಲ್ಲ. ಅಷ್ಟು ಕಮ್ಮಿ ವೋಲ್ಟೇಜಲ್ಲಿ ಕಂಪ್ರೆಸರ್ ಹೊರಡೋಕಾಗದೆ ಅದರ ವೈಂಡಿಂಗ್ ಸುಡಬಹುದು. ನಾನು ಬೇಡ ಅಂದೆ.

ಬದಲಿಗೆ ಲೈನ್‌ಮ್ಯಾನನ್ನ ಕರೆದು ಕಂಬದಿಂದ ಮನೆಗೆ ಬರೋ ಸರ್ವಿಸ್ ವೈರ್ ತೋರಿಸಿದ್ವಿ. ಕಂಬದ ಹತ್ರ ಜಾಯಿಂಟ್ ಕಪ್ಪಗಾಗಿತ್ತು. ಅದನ್ನ ಕತ್ತರಿಸಿ ಹೊಸದಾಗಿ ಬಿಗಿದ್ರು. ಆ ಸಂಜೆ ಇನ್‌ಪುಟ್ 150 ಇತ್ತು, ಫ್ರಿಡ್ಜ್ ಹೊರಟಾಗ 144ಕ್ಕೆ ಇಳಿದು ನಿಲ್ತು. ಹಳೇ ಸ್ಟೆಬಿಲೈಸರೇ ಈಗಲೂ ಓಡ್ತಾ ಇದೆ. ಪಂಪ್ ಓಡುವಾಗ 140 ಕೂಡ ಬರದೇ ಇದ್ದಿದ್ರೆ, 90ರಿಂದ ಶುರುವಾಗೋ ವೈಡ್ ರೇಂಜ್ ಡಬ್ಬಿ ಕೊಳ್ಳಬೇಕಿತ್ತು.

ಹಾಗಂತ ಡಬ್ಬಿ ಕೆಡೋದೇ ಇಲ್ವಾ? ಕೆಡುತ್ತೆ. ಇನ್‌ಪುಟ್ 200ರ ಮೇಲೆ ಗಟ್ಟಿಯಾಗಿದೆ, ಮೂರು ನಿಮಿಷ ಕಳೆದು ಟಕ್ ಅಂತು, ಆದ್ರೂ ಔಟ್‌ಪುಟ್ ಇಲ್ಲ ಅಂದ್ರೆ ಅನುಮಾನ ಡಬ್ಬಿ ಮೇಲೆ. ಫ್ರಿಡ್ಜ್ ಪ್ಲಗ್ ಕಿತ್ತು, ಒಂದು ಹಳೇ ಅರವತ್ತರ ಬಲ್ಬನ್ನ ಆ ಸಾಕೆಟ್ಟಿಗೆ ಹಾಕಿ ನೋಡಿ. ಡಿಸ್‌ಪ್ಲೇ ನಂಬಬೇಡಿ, ಕೆಲವದರಲ್ಲಿ ಕೊನೆಯ ರಿಲೇಗೆ ಮುಂಚಿನ ವೋಲ್ಟೇಜನ್ನೇ ಅದು ತೋರಿಸುತ್ತೆ. ಬಲ್ಬ್ ಹತ್ತದಿದ್ರೆ ಡಬ್ಬಿಯ ಫ್ಯೂಸ್ ಅಥವಾ ಎಂಸಿಬಿ ನೋಡಿ. ಅದೂ ಸರಿಯಿದ್ರೆ ಬಹುಪಾಲು ರಿಲೇಯ ಕಾಂಟ್ಯಾಕ್ಟ್ ಸುಟ್ಟಿರುತ್ತೆ. ಕಾಯಿಲ್ ಎಳೆಯುತ್ತೆ, ಶಬ್ದ ಬರುತ್ತೆ, ಕರೆಂಟ್ ದಾಟಲ್ಲ. ಬಲ್ಬ್ ಹತ್ತಿ, ಫ್ರಿಡ್ಜ್ ಹಾಕಿದಾಗ ಮಾತ್ರ ಸತ್ತರೂ ಅದೇ ಅನುಮಾನ. ರಿಲೇ ಬದಲಿಸೋದು ಸಣ್ಣ ಖರ್ಚು, ಆದರೆ ಡಬ್ಬಿ ನೀವೇ ಬಿಚ್ಚಬೇಡಿ.

ಹೊಸದು ಯಾವಾಗ? ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದ್ರೆ. ಅದೇ ರಿಲೇ ಎರಡನೇ ಸಲ ಸುಟ್ಟರೆ, ಯಾಕಂದ್ರೆ ಆಗ ನಿಮ್ಮ ಲೋಡಿಗೆ ಡಬ್ಬಿ ಚಿಕ್ಕದು ಅಂತ ಅರ್ಥ. ಕಾಂಟ್ಯಾಕ್ಟ್ ಅಂಟಿಕೊಂಡು, ಕಟ್ ಆಫ್ ಆಗಬೇಕಾದಾಗಲೂ ಕರೆಂಟ್ ನಿಲ್ಲದಿದ್ರೆ ಆ ಕ್ಷಣವೇ ಬಳಸೋದು ನಿಲ್ಲಿಸಿ. ಔಟ್‌ಪುಟ್ ಇಲ್ಲದ ಡಬ್ಬಿಗಿಂತ ಅದು ಅಪಾಯ. ಇನ್ನು ನನ್ನ ಬಿ.ಕಾಂ. ಲೆಕ್ಕ: ರಿಪೇರಿ ಖರ್ಚು ಹೊಸದರ ಅರ್ಧ ದಾಟಿದ್ರೆ ಹೊಸದೇ ಸರಿ.

ಕೊನೆಗೆ ಒಂದು ಮಾತು. ಇನ್‌ಪುಟ್ 280, 300 ಅಂತ ಏರಿ ಕಟ್ ಆಗ್ತಿದೆ, ಮನೆಯಲ್ಲಿ ಬಲ್ಬ್‌ಗಳು ಜಾಸ್ತಿ ಉರೀತಿವೆ ಅಂದ್ರೆ ಎಲ್ಲೋ ನ್ಯೂಟ್ರಲ್ ಬಿಟ್ಟಿರಬಹುದು. ಸ್ಟೆಬಿಲೈಸರ್ ಬೈಪಾಸ್ ಮಾಡೋಕೆ ಹೋಗಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, 1912ಕ್ಕೆ ಫೋನ್ ಮಾಡಿ.

ನಿಮ್ಮ ಮನೆ ಡಬ್ಬಿ ಸಂಜೆ ಎಷ್ಟು ತೋರಿಸುತ್ತೆ, ರಾತ್ರಿ ಎಷ್ಟು ತೋರಿಸುತ್ತೆ ಅಂತ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.