‘ಹಿಂಗ’ ಅಂದರೆ ಹೇಗೆ? ಬಾಯಿಬಿಟ್ಟು ಹೇಳಿ

ನಲವತ್ತು ಸೆಕೆಂಡಿನ ಒಂದು ವಿಡಿಯೊ ಎಂದುಕೊಳ್ಳಿ. ಜೋಳದ ರೊಟ್ಟಿ ಬಡಿಯುವುದನ್ನು ಕಲಿಸುವ ವಿಡಿಯೊ. ಹಿಂದೆ ಜೋರಾಗಿ ಒಂದು ಹಾಡು, ಅದರ ನಡುವೆ ಉತ್ಸಾಹದ ದನಿ: “ನೋಡ್ರಿ, ಇಷ್ಟು ಹಿಟ್ಟು ತಗೋರಿ. ಇಷ್ಟು ನೀರು ಹಾಕ್ರಿ. ಹಿಂಗ ನಾದ್ರಿ. ಹಿಂಗ ಬಡೀರಿ. ಹಿಂಗ ಆದಮ್ಯಾಲ ತಿರುವಿ ಹಾಕ್ರಿ. ಆಯ್ತು ನೋಡ್ರಿ!” ಇದೇ ಮಾತು ಪರದೆಯ ಮೇಲೆ ತೆಳ್ಳಗಿನ ಬಿಳಿ ಅಕ್ಷರಗಳಲ್ಲಿ, ಬಿಳಿ ಹಿಟ್ಟಿನ ಮೇಲೆಯೇ ಮೂಡಿ ಮರೆಯಾಗುತ್ತದೆ.

ಕಣ್ಣು ಕಾಣದವರೊಬ್ಬರು ಇದನ್ನು ಕೇಳಿದರೆ ಅವರಿಗೆ ಸಿಗುವುದೇನು? ಆರು ವಾಕ್ಯ, ಒಂದು ಹಾಡು. ಹಿಟ್ಟೆಷ್ಟು, ನೀರು ತಣ್ಣಗಿರಬೇಕೋ ಕುದಿಯಬೇಕೋ, ತಿರುವಿ ಹಾಕುವ ಹೊತ್ತು ಯಾವುದು, ಒಂದೂ ತಿಳಿಯುವುದಿಲ್ಲ. ಕಿವಿ ಕೇಳಿಸದವರಿಗೆ ಕೈಯ ಚಲನೆ ಕಾಣುತ್ತದೆ, ಮಾತು ಮಾತ್ರ ಹಿಟ್ಟಿನಲ್ಲಿ ಕರಗಿಹೋಗುತ್ತದೆ. ಕಣ್ಣಿಗೆ ಪೊರೆ ಬಂದ ಅಜ್ಜಿಗೂ, ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲ್ ನೋಡುವ ಹುಡುಗನಿಗೂ ಆ ಅಕ್ಷರಗಳು ಇದ್ದರೂ ಇಲ್ಲದಂತೆಯೇ. 2011ರ ಜನಗಣತಿ ನಮ್ಮ ದೇಶದಲ್ಲಿ ಎಣಿಸಿದ ಅಂಗವಿಕಲರು 2.68 ಕೋಟಿ. ಅವರಲ್ಲಿ ದೃಷ್ಟಿದೋಷ ಇರುವವರು ಸುಮಾರು 50 ಲಕ್ಷ, ಶ್ರವಣದೋಷ ಇರುವವರೂ ಸುಮಾರು ಅಷ್ಟೇ. ರೊಟ್ಟಿ ಅವರ ಮನೆಯಲ್ಲೂ ಆಗಬೇಕು.

ವಿಡಿಯೊ ಮಾಡುವ ಗೆಳೆಯ ಗೆಳತಿಯರೇ, ಈ ಒಂದು ವಿಡಿಯೊವನ್ನೇ ಮುಂದಿಟ್ಟುಕೊಂಡು ರಿಪೇರಿ ಮಾಡೋಣ ಬನ್ನಿ. ಬೇಕಾಗುವುದು ನಿಮ್ಮ ಕೈಯಲ್ಲಿರುವ ಮೊಬೈಲ್, ಈಗಾಗಲೇ ಬಳಸುತ್ತಿರುವ ಎಡಿಟಿಂಗ್ ಆ್ಯಪ್, ಜೊತೆಗೆ ಚಿತ್ರೀಕರಣಕ್ಕೆ ಮುಂಚೆ ಹತ್ತು ನಿಮಿಷದ ಯೋಚನೆ.

ಮೊದಲು ಮಾತು. ಬರೆದುಕೊಂಡ ಸ್ಕ್ರಿಪ್ಟಿನಲ್ಲಿ ‘ಇಷ್ಟು’, ‘ಹಿಂಗ’, ‘ಇಲ್ಲಿ’, ‘ಈ ಬಣ್ಣ ಬಂದಮೇಲೆ’ ಎಂಬಂಥವು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ. ಇವೆಲ್ಲ ಬೆರಳು ತೋರಿಸುವ ಮಾತುಗಳು. ಬೆರಳು ಕಾಣದವರಿಗೆ ಆ ಜಾಗ ಖಾಲಿ. ಪ್ರತಿ ಗುರುತಿನ ಜಾಗದಲ್ಲೂ ಬೆರಳು ಏನನ್ನು ತೋರಿಸುತ್ತಿತ್ತೋ ಅದನ್ನೇ ಬರೆಯಿರಿ. ನಮ್ಮ ರೊಟ್ಟಿಯ ಮಾತು ಆಗ ಹೀಗಾಗುತ್ತದೆ:

“ಪರಾತದಾಗ ಎರಡು ಬಟ್ಟಲ ಜೋಳದ ಹಿಟ್ಟು. ನಡುವ ಕುಣಿ ಮಾಡಿ ಒಂದೂವರಿ ಬಟ್ಟಲ ಕುದಿಯೋ ನೀರು ಹಾಕ್ರಿ. ಮೊದಲ ಚಮಚದಿಂದ ಕಲಸ್ರಿ. ಬಿಸಿ ತಡಕೊಳ್ಳೋವಷ್ಟು ಆರಿದ ಮ್ಯಾಲ ಅಂಗೈಲೆ ಒತ್ತಿ ನಾದ್ರಿ, ಬಿರುಕು ಹೋಗಿ ನುಣ್ಣಗಾಗಬೇಕು. ಕೆಳಗ ಒಣಹಿಟ್ಟು ಉದುರಿಸಿ, ಉಂಡಿ ಇಟ್ಟು, ಅಂಗೈಲೆ ಬಡಕೋತ ತಿರಗಸ್ರಿ. ಕಾದ ಹಂಚಿನ ಮ್ಯಾಲ ಹಾಕಿ, ಒದ್ದಿ ಅರಬಿಲೆ ಮ್ಯಾಲ ನೀರು ಸವರ್ರಿ. ಹಸಿ ಹೋಗಿ, ಬೆರಳು ತಾಗಿಸಿದರ ನೀರು ಹತ್ತದಂಗ ಆದ ಕೂಡಲೇ ತಿರುವಿ ಹಾಕ್ರಿ.”

ಇದಕ್ಕೆ ಸಮಯ ಸಾಲುತ್ತದೆಯೇ ಎಂಬ ಅನುಮಾನ ಬರುವುದು ಸಹಜ. ಆರಾಮವಾಗಿ ಮಾತಾಡಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಪದ ಬರುತ್ತವೆ. ನಲವತ್ತು ಸೆಕೆಂಡಿಗೆ ಎಂಬತ್ತು ಪದಗಳ ಜಾಗವಿದೆ, ಮೇಲಿನದು ಅದಕ್ಕಿಂತ ಕಡಿಮೆ. ಉಳಿದ ಸೆಕೆಂಡುಗಳನ್ನು ಸದ್ದಿಗೆ ಬಿಟ್ಟುಕೊಡಿ. ರೊಟ್ಟಿ ಬಡಿಯುವ ಟಪಟಪ ಸದ್ದು, ಒದ್ದೆ ಬಟ್ಟೆ ತಾಗಿದಾಗ ಹಂಚಿನ ಚುಂಯ್, ಇವೂ ವರ್ಣನೆಯೇ. ಹಾಡು ಬೇಕೇ ಬೇಕು ಎಂದಾದರೆ ಮಾತಿನ ಹೊತ್ತಿನಲ್ಲಿ ಅದರ ದನಿ ಪೂರ್ತಿ ತಗ್ಗಿಸಿ. ನನ್ನನ್ನು ಕೇಳಿದರೆ, ಅಡುಗೆಯ ವಿಡಿಯೊಕ್ಕೆ ಅಡುಗೆಮನೆಯ ಸದ್ದಿಗಿಂತ ಒಳ್ಳೆಯ ಹಾಡಿಲ್ಲ.

ಕೊನೆಯ ವಾಕ್ಯವನ್ನು ಇನ್ನೊಮ್ಮೆ ಗಮನಿಸಿ. ‘ಹೊಳಪು ಹೋದ ಮೇಲೆ ತಿರುವಿ’ ಎಂದಿದ್ದರೂ ವರ್ಣನೆಯೇ ಆಗುತ್ತಿತ್ತು. ಆದರೆ ಹೊಳಪು ಕಣ್ಣಿನ ಲೆಕ್ಕ. ಕಾಣದೆ ಅಡುಗೆ ಮಾಡುವವರಿಗೆ ಬೆರಳಿನ ಲೆಕ್ಕ, ಕಿವಿಯ ಲೆಕ್ಕ, ಮೂಗಿನ ಲೆಕ್ಕ ಕೊಡಬೇಕು. ಹಾಗೆಂದು ಕಂಡದ್ದನ್ನೆಲ್ಲ ಹೇಳುವುದೂ ಬೇಡ. ನಿಮ್ಮ ಅಂಗಿಯ ಬಣ್ಣ, ಗೋಡೆಯ ಕ್ಯಾಲೆಂಡರ್ ರೊಟ್ಟಿಗೆ ಸಂಬಂಧಿಸಿದ್ದಲ್ಲ. ಅದೇ ನೀವು ಇಳಕಲ್ ಸೀರೆಯ ವಿಡಿಯೊ ಮಾಡುತ್ತಿದ್ದರೆ ಸೆರಗಿನ ಬಣ್ಣವೇ ಮುಖ್ಯ. ಯಾವುದು ತಿಳಿಯದೇ ಹೋದರೆ ವಿಡಿಯೊ ಅರ್ಥವಾಗುವುದಿಲ್ಲವೋ ಅದನ್ನಷ್ಟೇ ಹೇಳಿ.

ಪರದೆಯ ಮೇಲೆ ಬರೆದದ್ದನ್ನೂ ಓದಿ ಹೇಳಬೇಕು. ಕಾಣದವರು ಬಳಸುವ ಟಾಕ್‌ಬ್ಯಾಕ್, ವಾಯ್ಸ್‌ಓವರ್‌ನಂಥ ತಂತ್ರಾಂಶಗಳು ಪೋಸ್ಟಿನ ಕೆಳಗೆ ಟೈಪ್ ಮಾಡಿದ ಬರಹವನ್ನು ಓದುತ್ತವೆ. ವಿಡಿಯೊದ ಚಿತ್ರದೊಳಗೆ ಬೆರೆತುಹೋದ ಅಕ್ಷರ ಓಡುತ್ತಿರುವಾಗ ಅದನ್ನು ಓದಿ ಹೇಳುವುದನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ. ಕೊನೆಯಲ್ಲಿ ಸಾಮಗ್ರಿಗಳ ಪಟ್ಟಿ ತೋರಿಸಿ, ಬರೀ ಸಂಗೀತ ಹಾಕಿ ಮುಗಿಸಿದರೆ ಅವರ ಪಾಲಿಗೆ ಅದು ಪಟ್ಟಿಯಲ್ಲ, ಸಂಗೀತ ಮಾತ್ರ. ಮಾತಿಗೆ ಎಡೆಯೇ ಇಲ್ಲದ ಕುಣಿತದ ವಿಡಿಯೊ ಆದರೆ ಯಾರು, ಎಲ್ಲಿ, ಏನು ನಡೆಯುತ್ತಿದೆ ಎಂದು ಪೋಸ್ಟಿನ ಕೆಳಗಿನ ಬರಹದಲ್ಲಿ ಎರಡು ಮೂರು ವಾಕ್ಯ ಬರೆಯಿರಿ. ಅದು ದನಿಯ ವರ್ಣನೆಗೆ ಸಮವಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಈಗ ಅಕ್ಷರಗಳಿಗೆ ಬರೋಣ. ಅಕ್ಷರದ ಬಣ್ಣಕ್ಕೂ ಅದರ ಹಿನ್ನೆಲೆಗೂ ಬೆಳಕಿನಲ್ಲಿ ಎಷ್ಟು ಅಂತರವಿದೆ ಎಂಬುದನ್ನು ಅಳೆಯಲು ಒಂದು ಅನುಪಾತವಿದೆ. ಎರಡೂ ಒಂದೇ ಬಣ್ಣವಾದರೆ 1, ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿಯಾದರೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು ಎಂದು WCAG ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅಂಗೈಯಗಲದ ಪರದೆಯಲ್ಲಿ ಓಡುವ ಅಕ್ಷರಕ್ಕೆ 4.5ನ್ನೇ ಹಿಡಿಯಿರಿ. ಎರಡು ಬಣ್ಣಗಳ ಸಂಕೇತ ಕೊಟ್ಟರೆ ಅನುಪಾತ ಹೇಳುವ ಉಚಿತ ಸಾಧನಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ.

ಜೋಳದ ಹಿಟ್ಟಿನ ಬಣ್ಣ ಸರಿಸುಮಾರು #E8E0D0 ಎಂದಿಟ್ಟುಕೊಳ್ಳಿ. ಅದರ ಮೇಲೆ ಬಿಳಿ ಅಕ್ಷರದ ಅನುಪಾತ ಬರೀ 1.3. ಅಕ್ಷರ ಇಲ್ಲವೆಂದೇ ಲೆಕ್ಕ. ಹಾಗಾದರೆ ಕಪ್ಪು ಅಕ್ಷರ ಹಾಕೋಣ ಎಂದರೆ, ಮುಂದಿನ ಕ್ಷಣವೇ ಕರಿ ಹಂಚು ಬರುತ್ತದೆ, ಅಲ್ಲಿ ಕಪ್ಪು ಮುಳುಗುತ್ತದೆ. ವಿಡಿಯೊದಲ್ಲಿ ಹಿನ್ನೆಲೆ ಒಂದೇ ಸಮನೆ ಬದಲಾಗುವುದರಿಂದ ಬಣ್ಣ ಬದಲಿಸುತ್ತ ಹೋಗುವುದರಿಂದ ಪ್ರಯೋಜನವಿಲ್ಲ. ಅಕ್ಷರದ ಹಿನ್ನೆಲೆಯನ್ನೇ ನೀವು ಕಟ್ಟಿಕೊಡಬೇಕು: ಬಿಳಿ ಅಕ್ಷರ, ಅದರ ಹಿಂದೆ ಕಪ್ಪು ಪಟ್ಟಿ.

ಆ ಪಟ್ಟಿ ಎಷ್ಟು ಗಾಢವಿರಬೇಕು ಎಂಬಲ್ಲೇ ಬಹಳ ಜನ ಎಡವುತ್ತಾರೆ. ಚಿತ್ರ ಮುಚ್ಚಿಹೋಗದಿರಲಿ ಎಂದು ಶೇ 50ರ ಪಾರದರ್ಶಕ ಪಟ್ಟಿ ಇಡುತ್ತಾರೆ. ಹಿಂದೆ ಅಚ್ಚ ಬಿಳಿ ಬಂದಾಗ ಅನುಪಾತ 4ನ್ನೂ ಮುಟ್ಟುವುದಿಲ್ಲ. ಅದೇ ಕಪ್ಪಿನ ಗಾಢತೆಯನ್ನು ಶೇ 70ಕ್ಕೆ ಏರಿಸಿ, ಬಿಳಿಯ ಮೇಲೂ ಅನುಪಾತ 8 ದಾಟುತ್ತದೆ. ಆ್ಯಪಿನಲ್ಲಿ ಬೆರಳಿನಿಂದ ಒಂದು ಗೆರೆಯನ್ನು ಅಷ್ಟು ದೂರ ಎಳೆದರಾಯಿತು. ವಿಡಿಯೊ ಪೂರ್ತಿ ಓಡಿಸಿ, ಹಿನ್ನೆಲೆ ಅತಿ ಬೆಳ್ಳಗಿರುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಅಲ್ಲಿ ಓದಲು ಬಂದರೆ ಎಲ್ಲ ಕಡೆಯೂ ಬಂದೀತು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಪರದೆಯನ್ನು ಕಪ್ಪು ಬಿಳುಪು ಮಾಡಿಯೂ ಒಮ್ಮೆ ನೋಡಿ. ಹಸಿರು ಗದ್ದೆಯ ಮೇಲೆ ಬರೆದ ಕೆಂಪು ಅಕ್ಷರ ಅಲ್ಲಿ ಬೂದಿಯಲ್ಲಿ ಬೂದಿಯಾಗಿ ಮಾಯವಾಗುತ್ತದೆ. ಬಣ್ಣ ಬೇರೆಯಾದರೂ ಬೆಳಕು ಒಂದೇ ಆಗಿದ್ದರೆ ಹೀಗಾಗುತ್ತದೆ.

ಕನ್ನಡದ ಅಕ್ಷರ ಇನ್ನೂ ಸ್ವಲ್ಪ ಕಾಳಜಿ ಕೇಳುತ್ತದೆ. ‘ದ’ ಮತ್ತು ‘ಧ’ಕ್ಕೆ ಇರುವ ವ್ಯತ್ಯಾಸ ಕೆಳಗಿನ ಸಣ್ಣ ಸೀಳು. ‘ಪ’ ಮತ್ತು ‘ಷ’ದ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ಅಕ್ಷರದ ಸುತ್ತ ದಪ್ಪ ಅಂಚು, ಹೊಳೆಯುವ ಪ್ರಭೆ ಹಾಕಿದರೆ ಇವು ಮುಚ್ಚಿಹೋಗುತ್ತವೆ. ಆದ್ದರಿಂದ ಅಂಚಿಗಿಂತ ಪಟ್ಟಿ ಮೇಲು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಕೆಳಸಾಲಿನ ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಂತರ ಹಾಗೇ ಬಿಟ್ಟರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಸಾಲುಗಳ ನಡುವೆ ಜಾಗ ಹೆಚ್ಚಿಸಿ, ಒಮ್ಮೆಗೆ ಎರಡೇ ಸಾಲು ಇಡಿ, ನೋಟೊ ಸ್ಯಾನ್ಸ್ ಕನ್ನಡದಂಥ ಸರಳ ಫಾಂಟನ್ನು ದಪ್ಪ ರೂಪದಲ್ಲಿ ಬಳಸಿ. ಕೆಲವು ಆ್ಯಪುಗಳಲ್ಲಿ ಒತ್ತಕ್ಷರ ಒಡೆದು ಪಕ್ಕಪಕ್ಕ ನಿಲ್ಲುತ್ತದೆ. ‘ರೊಟ್ಟಿ’ ಎಂದು ಒಮ್ಮೆ ಬರೆದು ನೋಡಿ, ಸರಿಯಾಗಿ ಮೂಡದಿದ್ದರೆ ಫಾಂಟ್ ಬದಲಿಸಿ. ಒಂದೊಂದೇ ಪದ ಪುಟಿದೇಳುವ ಶೈಲಿ ಈಗ ಚಾಲ್ತಿಯಲ್ಲಿದೆ. ನಿಧಾನವಾಗಿ ಓದುವವರಿಗೆ ಅದು ಹಿಂಸೆ. ಅರ್ಥ ಮುಗಿಯುವಷ್ಟು ಪದಗಳು ಒಟ್ಟಿಗೆ ಬಂದು, ಓದಿ ಮುಗಿಯುವವರೆಗೆ ನಿಲ್ಲಲಿ.

ಆ್ಯಪು ತಾನಾಗಿಯೇ ಬರೆದುಕೊಡುವ ಕನ್ನಡವನ್ನು ಕಣ್ಣುಮುಚ್ಚಿ ನಂಬಬೇಡಿ. ಧಾರವಾಡದ ‘ಅರಬಿ’, ಮಂಗಳೂರಿನ ‘ಉಂಟು’ ಅದರ ಕಿವಿಗೆ ಬೇರೇನೋ ಆಗಿ ಬೀಳಬಹುದು. ಪ್ರತಿ ಸಾಲನ್ನೂ ಕೈಯಾರೆ ತಿದ್ದಿ. ಅರ್ಥಕ್ಕೆ ಬೇಕಾದ ಸದ್ದನ್ನೂ ಬರೆಯಿರಿ: [ಹಂಚಿನ ಮೇಲೆ ನೀರು ಚುಂಯ್ ಎನ್ನುತ್ತದೆ]. ಪರದೆಯ ಕೆಳಭಾಗವನ್ನು ಖಾತೆಯ ಹೆಸರು, ಹಾಡಿನ ಹೆಸರು ಮುಚ್ಚುತ್ತವೆ. ಬಲಬದಿಯನ್ನು ಲೈಕ್, ಶೇರ್ ಗುಂಡಿಗಳು. ನಡುವೆ ಇಟ್ಟರೆ ರೊಟ್ಟಿ ಬಡಿಯುವ ಕೈ ಮರೆಯಾಗುತ್ತದೆ. ಈ ವಿಡಿಯೊದಲ್ಲಿ ಅಕ್ಷರಕ್ಕೆ ಸರಿಯಾದ ಜಾಗ ಮೇಲಿನ ಮೂರನೇ ಒಂದು ಭಾಗ. ಚಿತ್ರೀಕರಿಸುವಾಗಲೇ ಅಲ್ಲಿ ಖಾಲಿ ಬಿಟ್ಟುಕೊಳ್ಳಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಂ ವಿದ್ಯುನ್ಮಾನ ಮಾಧ್ಯಮದಲ್ಲಿ ದನಿಯ ವರ್ಣನೆ, ಸನ್ನೆ ಭಾಷೆ, ಕ್ಯಾಪ್ಷನ್ ಸಿಗುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ನಿಮ್ಮ ಕೋಣೆಯಲ್ಲಿ ಕೂತು ನೀವು ಮಾಡುವ ರೊಟ್ಟಿಯ ವಿಡಿಯೊವನ್ನು ಯಾವ ಅಧಿಕಾರಿಯೂ ಬಂದು ಪರೀಕ್ಷಿಸುವುದಿಲ್ಲ. ಅದನ್ನು ಎಲ್ಲರದ್ದಾಗಿಸುವುದು ಪೂರ್ತಿಯಾಗಿ ನಿಮ್ಮ ಕೈಯಲ್ಲಿದೆ. ಕನ್ನಡದಲ್ಲಿ ಇದು ರೂಢಿಯಾಗಬೇಕಾದರೆ ಮೊದಲು ಮಾಡಿ ತೋರಿಸಬೇಕಾದವರು ದಿನಾ ವಿಡಿಯೊ ಹಾಕುವ ನೀವೇ.

ಹಾಕುವ ಮುನ್ನ ಎರಡು ಪರೀಕ್ಷೆ ಮಾಡಿ. ಮೊಬೈಲನ್ನು ಬೋರಲು ಹಾಕಿ ಬರೀ ಕೇಳಿ. ಆಮೇಲೆ ದನಿ ನಿಲ್ಲಿಸಿ, ಬೆಳಕು ಅರ್ಧಕ್ಕೆ ಇಳಿಸಿ, ಅಂಗಳದ ಬಿಸಿಲಲ್ಲಿ ನಿಂತು ಬರೀ ನೋಡಿ. ಇವೆರಡೂ ನಿಮ್ಮ ತಪ್ಪನ್ನು ಹಿಡಿಯುತ್ತವೆ, ಆದರೆ ಎಲ್ಲವನ್ನೂ ಅಲ್ಲ, ಏಕೆಂದರೆ ವಿಡಿಯೊದಲ್ಲಿ ಏನಿದೆಯೆಂದು ನಿಮಗೆ ಮೊದಲೇ ಗೊತ್ತು. ಹಾಗಾಗಿ ನಿಮ್ಮ ಕಾಲೇಜಿನಲ್ಲೋ ಓಣಿಯಲ್ಲೋ ಇರುವ, ಕಾಣದ ಅಥವಾ ಕೇಳಿಸದ ಒಬ್ಬರಿಗೆ ಮೊದಲು ಕಳಿಸಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಯಾರಾದರೂ ಹೌದೆಂದೇ ಹೇಳುತ್ತಾರೆ. ‘ನೀರು ಎಷ್ಟು, ರೊಟ್ಟಿ ತಿರುವುವುದು ಯಾವಾಗ’ ಎಂದು ಕೇಳಿ. ಉತ್ತರ ತಡವರಿಸಿದ ಸಾಲನ್ನು ಮತ್ತೆ ಬರೆದು, ಮತ್ತೆ ದನಿ ಕೊಟ್ಟು, ಆಮೇಲೆ ಹಾಕಿ.