ಅನುಭವದ ಕಾಲಂನಲ್ಲಿ ಸೊನ್ನೆ, ಕೈಯಲ್ಲಿ ಸೋಯಾ ಲೆಕ್ಕ

ನಾನು ಬೈಲಹೊಂಗಲದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತಿದ್ದವ. ಈಗ ಡೇಟಾ ಅನಾಲಿಸ್ಟ್ ಕೆಲಸದಾಗ ಇದೀನಿ. ಅರ್ಜಿ ಹಾಕಿದ ಕಡೆಯೆಲ್ಲ ಮೊದಲ ಪ್ರಶ್ನೆ ಒಂದೇ: "ಈ ಕೆಲಸದ ಅನುಭವ ಎಷ್ಟು ವರ್ಷ?" ಕೋರ್ಸಿನ ಸರ್ಟಿಫಿಕೇಟ್ ಇತ್ತು ಖರೆ, ಆದರೆ ಅರ್ಜಿ ಹಾಕಿದವರೆಲ್ಲರ ಹತ್ರಾನೂ ಅದು ಇರ್ತದ. ಅದಕ್ಕೇ ಮೂರು ಸಣ್ಣ ಪ್ರಾಜೆಕ್ಟ್ ಮಾಡಿದೆ. ಎರಡು ಸಾಧಾರಣ, ಕೆಲಸಕ್ಕೆ ಬಂದದ್ದು ಒಂದೇ. ಅದನ್ನಷ್ಟೇ ಹೇಳ್ತೀನಿ.

ಅಂಗಡಿಯ ಖಾತೆ ಪುಸ್ತಕ ನಾನು ಮುಟ್ಟಲಿಲ್ಲ. ಅದರಾಗ ರೈತರ ಹೆಸರು, ಉದ್ರಿ ಎಲ್ಲ ಇರ್ತದ, ಅದು ನನ್ನ ಸ್ವತ್ತಲ್ಲ. ಅದನ್ನ ತೋರಿಸಿದರೆ, ನಾಳೆ ನಮ್ಮ ಲೆಕ್ಕಾನೂ ಇವ ಹಿಂಗೇ ಹೊರಗೆ ಒಯ್ತಾನ ಅಂತ ಕೆಲಸ ಕೊಡೋರು ತಿಳೀತಾರ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ದಿನದ ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ದರ ಎಲ್ಲರಿಗೂ ಸಿಗ್ತಾವ. ಅಲ್ಲಿಂದ ಸೋಯಾಬೀನ್ ದರ ಇಳಿಸಿಕೊಂಡೆ. ಪ್ರಶ್ನೆ ಒಂದೇ ಇಟ್ಕೊಂಡೆ: ಸುಗ್ಗಿಯ ತಿಂಗಳಲ್ಲಿ ನಮ್ಮ ಮಾರುಕಟ್ಟೆಯ ಸರಾಸರಿ ದರ ನಿಜವಾಗಿ ಎಷ್ಟು?

ಸುಲಭ ಅನಿಸ್ತದ, ಆದರೆ ಇಲ್ಲೇ ಎಡವೋದು. ಉದಾಹರಣೆಗೆ, ಒಂದು ದಿನ 500 ಕ್ವಿಂಟಲ್ ಬಂತು, ದರ 4,400 ರೂಪಾಯಿ. ಮರುದಿನ ಮಳಿ, ಬಂದದ್ದು ಬರೀ 20 ಕ್ವಿಂಟಲ್, ದರ 4,000. ಎರಡನ್ನೂ ಕೂಡಿಸಿ ಭಾಗಿಸಿದರೆ 4,200. ಆದರೆ ಬಹುತೇಕ ಮಾಲು ಮಾರಿದ್ದು 4,400ಕ್ಕೆ. ಆವಕದ ತೂಕ ಹಾಕಿ ಲೆಕ್ಕ ಮಾಡಿದರೆ ಸುಮಾರು 4,385 ಬರ್ತದ. ಬಿ ಕಾಲಂನಲ್ಲಿ ಆವಕ, ಸಿ ಕಾಲಂನಲ್ಲಿ ದರ ಇದ್ದರೆ ಎಕ್ಸೆಲ್‌ಗೆ ಇಷ್ಟೇ ಸಾಕು:

```
=SUMPRODUCT(B2:B3,C2:C3)/SUM(B2:B3)
```

ಇನ್ನೊಂದು, ಟೈಪ್ ಮಾಡುವಾಗಿನ ತಪ್ಪು. 4,400 ಇರಬೇಕಾದಲ್ಲಿ 440 ಅಂತ ಬಿದ್ದಿರಬಹುದು. ಮಾದರಿ ದರ ಯಾವಾಗಲೂ ಕನಿಷ್ಠ ಮತ್ತು ಗರಿಷ್ಠದ ನಡುವೆ ಇರಬೇಕು. ಹೊರಗೆ ಹೋಗಿದ್ದರೆ ಆ ಸಾಲು ಅನುಮಾನದ್ದು. ಅಂಥ ಸಾಲನ್ನ ಅಳಿಸಬಾರದು. ಪಕ್ಕದಲ್ಲೊಂದು ಕಾಲಂ ಹಾಕಿ, ಲೆಕ್ಕದಿಂದ ಯಾಕೆ ಬಿಟ್ಟೆ ಅಂತ ಬರೀಬೇಕು. ಮಾರುಕಟ್ಟೆ ಬಂದ್ ಇದ್ದ ದಿನಕ್ಕೆ ಸೊನ್ನೆ ತುಂಬೋದಂತೂ ಬೇಡೇ ಬೇಡ. ದರ ಇಲ್ಲ ಅನ್ನೋದು ಬೇರೆ, ದರ ಸೊನ್ನೆ ಅನ್ನೋದು ಬೇರೆ.

ಇದೆಲ್ಲ ಸೇರಿ ಒಂದು ಶೀಟು, ಒಂದು ಚಾರ್ಟು, ಒಂದು ಪುಟದ ಬರಹ. ಚಾರ್ಟಿಗೆ ಬಣ್ಣ ಬಳಿಯೋಕೆ ಮಂದಿ ವಾರಗಟ್ಟಲೆ ಕಳೀತಾರ. ನಾನು ಆ ಹೊತ್ತನ್ನ ಬರಹಕ್ಕೆ ಕೊಟ್ಟೆ. ಪ್ರಶ್ನೆ ಏನು, ಮಾಹಿತಿ ಎಲ್ಲಿಂದ, ಯಾವ ಸಾಲು ಬಿಟ್ಟೆ, ಉತ್ತರ ಏನು. ಕೊನೆಗೆ ಎರಡು ಸಾಲು: ಈ ಲೆಕ್ಕ ಮಾರುಕಟ್ಟೆಗೆ ಬಂದ ಮಾಲಿಂದು ಮಾತ್ರ, ರೈತ ಹೊಲದಲ್ಲೇ ವ್ಯಾಪಾರಿಗೆ ತೂಗಿಕೊಟ್ಟದ್ದು ಇದರಾಗ ಇಲ್ಲ.

ಸಂದರ್ಶನದಾಗ ಚಾರ್ಟನ್ನ ಯಾರೂ ಸರಿಯಾಗಿ ನೋಡಲೇ ಇಲ್ರೀ. ಆ ಕೊನೆಯ ಎರಡು ಸಾಲು ಓದಿ, "ಹೊಲದಲ್ಲೇ ಮಾರೋದು ನಿಮಗೆ ಹೆಂಗ ಗೊತ್ತು?" ಅಂತ ಕೇಳಿದರು. ಅಲ್ಲಿಂದ ಮಾತೆಲ್ಲ ದಲಾಲಿ ಅಂಗಡಿಯದೇ ಆಯ್ತು.