ಆರು ತಿಂಗಳಾದ ಮೇಲೆ ಕೇಳಬೇಕಾದ ಪತ್ರ

ಖಾಸಗಿ ಕಂಪನಿಗಳಲ್ಲಿ ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಆರು ತಿಂಗಳ ಪ್ರೊಬೇಷನ್ ಇರುತ್ತದೆ. ಆ ಅವಧಿ ಮುಗಿದರೆ ಕೆಲಸ ತಾನಾಗಿಯೇ ಖಾಯಂ ಆಗುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ನಿಜವಾಗಿ ಅದು ನೇಮಕಾತಿ ಪತ್ರದ ಒಂದು ವಾಕ್ಯದ ಮೇಲೆ ನಿಂತಿರುತ್ತದೆ. "ಲಿಖಿತವಾಗಿ ಖಾಯಂಗೊಳಿಸುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ" ಎಂದು ಅಲ್ಲಿದ್ದರೆ, ಕಂಪನಿ ಸುಮ್ಮನಿರುವಷ್ಟು ದಿನವೂ ನೌಕರ ಪ್ರೊಬೇಷನ್‌ನಲ್ಲೇ ಉಳಿಯುತ್ತಾನೆ. ನಿಯಮದಲ್ಲೇ ಗರಿಷ್ಠ ಅವಧಿ ಗೊತ್ತುಪಡಿಸಿ, ಅದರಾಚೆ ವಿಸ್ತರಿಸುವಂತಿಲ್ಲ ಎಂದಿದ್ದರೆ ಮಾತು ಬೇರೆ. ಅದು ಮೀರಿದ ಮೇಲೂ ಕೆಲಸದಲ್ಲಿ ಮುಂದುವರಿಸಿದರೆ ಖಾಯಂ ಮಾಡಿದಂತೆಯೇ ಎಂದು 1968ರಲ್ಲಿ ಸುಪ್ರೀಂ ಕೋರ್ಟು, ಪಂಜಾಬಿನ ಸರ್ಕಾರಿ ಶಿಕ್ಷಕರೊಬ್ಬರ ಮೊಕದ್ದಮೆಯಲ್ಲಿ ಹೇಳಿತು. ಖಾಸಗಿ ಕಂಪನಿಗಳ ನೇಮಕಾತಿ ಪತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲ ಬಗೆಯ ವಾಕ್ಯವೇ.

ಖಾಯಂಗೊಳಿಸುವ ಪತ್ರ ಕೈಗೆ ಬಾರದಿದ್ದರೂ ಭವಿಷ್ಯನಿಧಿ ನಿಲ್ಲುವುದಿಲ್ಲ, ಗ್ರಾಚ್ಯುಟಿಯ ಲೆಕ್ಕವೂ ಸೇರಿದ ದಿನದಿಂದಲೇ ನಡೆಯುತ್ತದೆ. ವ್ಯತ್ಯಾಸ ತಿಳಿಯುವುದು ನೋಟಿಸ್ ಅವಧಿಯಲ್ಲಿ. ಪ್ರೊಬೇಷನ್‌ನಲ್ಲಿರುವವರನ್ನು ಹದಿನೈದು ದಿನದ ನೋಟಿಸಿನಲ್ಲಿ ಕಳಿಸಬಹುದಾದ ಕಂಪನಿ, ಖಾಯಂ ನೌಕರರಿಗೆ ಎರಡು ಮೂರು ತಿಂಗಳು ಕೊಡಬೇಕಾಗಬಹುದು. ಬಿಟ್ಟು ಹೋಗುವ ನೌಕರನೂ ಅಷ್ಟೇ ದಿನಕ್ಕೆ ಕಟ್ಟುಬೀಳುತ್ತಾನೆ ಎಂಬುದು ಇದರ ಇನ್ನೊಂದು ಮುಖ. ಬೇರೆ ಕೆಲಸ ಹುಡುಕುತ್ತಿರುವವರಿಗೆ ಪತ್ರದ ಅವಸರವೇನೂ ಇರಲಾರದು.

2024ರ ಜೂನ್ 3ರಂದು ಸೇರಿದ ಲೆಕ್ಕ ವಿಭಾಗದ ಒಬ್ಬ ಉದ್ಯೋಗಿಯ ಉದಾಹರಣೆ ತೆಗೆದುಕೊಳ್ಳಬಹುದು. ಆಕೆಯ ಆರು ತಿಂಗಳು ಡಿಸೆಂಬರ್ 2ಕ್ಕೆ ಮುಗಿಯುತ್ತದೆ. ಸಂಬಳವಿಲ್ಲದ ರಜೆ ಹಾಕಿದ್ದರೆ ಕೆಲವು ಕಂಪನಿಗಳು ಅಷ್ಟು ದಿನ ಮುಂದೂಡುತ್ತವೆ. ಅದನ್ನು ಮೊದಲೇ ನೋಡಿಕೊಳ್ಳಬೇಕು. ನವೆಂಬರ್ ಮಧ್ಯದಲ್ಲೇ ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ವಿಷಯ ಎತ್ತುವುದು ಒಳ್ಳೆಯದು. ಎಷ್ಟೋ ಕಡೆ ಪತ್ರ ತಡವಾಗುವುದು ಕೆಲಸದ ಮೇಲಿನ ಅಸಮಾಧಾನದಿಂದಲ್ಲ. ಮ್ಯಾನೇಜರ್ ತುಂಬಬೇಕಾದ ಮೌಲ್ಯಮಾಪನದ ಫಾರಂ ತುಂಬದೆ ಬಿದ್ದಿರುತ್ತದೆ, ಅದು ಬಾರದೆ ಎಚ್‌ಆರ್ ವಿಭಾಗ ಪತ್ರ ಹೊರಡಿಸುವುದಿಲ್ಲ.

ಡಿಸೆಂಬರ್ 3ರಂದು ಮ್ಯಾನೇಜರ್‌ಗೆ ಮೇಲ್ ಬರೆದು, ಎಚ್‌ಆರ್‌ಗೂ ಒಂದು ಪ್ರತಿ ಹೋಗುವಂತೆ ನೋಡಿಕೊಂಡರೆ ಸಾಕು. "ಸರ್, ಜೂನ್ 3ರಂದು ಸೇರಿದ ನನ್ನ ಪ್ರೊಬೇಷನ್ ನಿನ್ನೆಗೆ ಮುಗಿಯಿತು. ಮೌಲ್ಯಮಾಪನ ಬಾಕಿಯಿದ್ದರೆ ಪೂರ್ತಿ ಮಾಡಿ, ಇಂದಿನಿಂದ ಅನ್ವಯವಾಗುವಂತೆ ಕನ್ಫರ್ಮೇಷನ್ ಲೆಟರ್ ಕೊಡಿಸಬೇಕೆಂದು ಕೋರುತ್ತೇನೆ." ಸಂಬಳ ಏರಿಕೆಯ ಮಾತನ್ನು ಇದರಲ್ಲಿ ಬೆರೆಸಬಾರದು, ಬೆರೆಸಿದರೆ ಸಣ್ಣ ಕೋರಿಕೆಯೊಂದು ದೊಡ್ಡ ಚರ್ಚೆಯಾಗಿ ಮೂಲೆಗೆ ಬೀಳುತ್ತದೆ.

"ಆಗಿದೆ ಬಿಡಮ್ಮ, ಚಿಂತೆ ಬೇಡ" ಎಂಬ ಉತ್ತರ ಬಂದರೆ, ಆ ಮಾತನ್ನೇ ಉಲ್ಲೇಖಿಸಿ ಅದೇ ಮೇಲ್‌ಗೆ ಮರುಉತ್ತರ ಬರೆದಿಡಬೇಕು. ಅವಧಿ ವಿಸ್ತರಿಸಿದ್ದೇವೆ ಎಂದರೆ ಎಷ್ಟು ದಿನಕ್ಕೆ, ಯಾವ ಕೊರತೆಗಾಗಿ ಎಂಬುದನ್ನು ಬರಹದಲ್ಲಿ ಕೇಳಬೇಕು. ಪತ್ರ ಜನವರಿಯಲ್ಲಿ ಬಂದರೂ ಜಾರಿಯ ದಿನಾಂಕ ಡಿಸೆಂಬರ್ 3 ಎಂದೇ ಇದೆಯೇ ಎಂದು ನೋಡಬೇಕು; ಜನವರಿಯ ತಾರೀಕಿದ್ದರೆ ಸಹಿ ಹಾಕುವ ಮುನ್ನವೇ ತಿದ್ದಿಸಿಕೊಳ್ಳಬೇಕು.